ಎರಡು ಲಿಪಿಯಲ್ಲೂ ಓದಿಸಿಕೊಳ್ಳುವ ಹ್ಯಾಶ್‌ಟ್ಯಾಗ್: ಕಾಸರಗೋಡಿನಲ್ಲಿ ನಾವು ಆರಿಸಿದ ಬಗೆ

ಕಾಸರಗೋಡಿನಲ್ಲಿ ಕನ್ನಡದ ಬಗ್ಗೆ ಏನಾದರೂ ಅಭಿಯಾನ ಮಾಡಬೇಕಾದರೆ ಒಂದು ವಿಷಯ ಮೊದಲೇ ಒಪ್ಪಿಕೊಳ್ಳಬೇಕು. ಇಲ್ಲಿ ಕನ್ನಡ ಮಾತಾಡುವವರೆಲ್ಲ ಕನ್ನಡ ಓದುವುದಿಲ್ಲ. ಮನೆಯಲ್ಲಿ ಹವ್ಯಕ, ತುಳು, ಕೊಂಕಣಿ ಅಥವಾ ಮರಾಠಿ, ಪೇಟೆಯಲ್ಲಿ ಕನ್ನಡ, ಓದಿದ್ದು ಮಾತ್ರ ಮಲಯಾಳ ಅಥವಾ ಇಂಗ್ಲಿಷ್ ಮಾಧ್ಯಮದಲ್ಲಿ. ಅಂಥವರು ಫೋನಿನಲ್ಲಿ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲೇ ಬರೆಯುತ್ತಾರೆ. ಇನ್ನೊಂದು ಕಡೆ ಕನ್ನಡ ಶಾಲೆಯಲ್ಲೇ ಕಲಿತ ಹಿರಿಯರಿದ್ದಾರೆ, ಅವರಿಗೆ ಇಂಗ್ಲಿಷ್ ಅಕ್ಷರದ ಕನ್ನಡ ಕಂಡರೆ ಆಗುವುದಿಲ್ಲ. ಎರಡೂ ಬಗೆಯವರು ಬಳಸಬಹುದಾದ ಒಂದು ಟ್ಯಾಗ್ ನಮಗೆ ಬೇಕಿತ್ತು.

ವಿಷಯ ಇಷ್ಟೇ. ನಮ್ಮ ಕಡೆಯ ಒಂದು ಶಾಲೆಯ ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದ ಟೀಚರ್ ನೇಮಕವಾಗಿದ್ದರು. ಪಾಪ, ಅವರದೂ ತಪ್ಪಲ್ಲ. ಮಕ್ಕಳಿಗೆ ಅರ್ಥವಾಗುವ ಭಾಷೆಯಲ್ಲಿ ಪಾಠ ಆಗಬೇಕು ಎಂದು ಪೋಷಕರು ಸೇರಿ ಒಂದು ಸಣ್ಣ ಅಭಿಯಾನ ಶುರು ಮಾಡಿದರು. ಪೋಸ್ಟರ್ ಮತ್ತು ಪೋಸ್ಟ್‌ಗಳ ಕೆಲಸ ನನ್ನ ಪಾಲಿಗೆ ಬಂತು.

ಗುಂಪಿನಲ್ಲಿ ಹೆಚ್ಚಿನವರು ಮೊದಲು ಹೇಳಿದ್ದು #KannadaTeacherBeku. ಇಂಗ್ಲಿಷ್ ಅಕ್ಷರದಲ್ಲಿ ನೋಡಿದರೆ ಇದಕ್ಕಿಂತ ಒಳ್ಳೆಯ ಟ್ಯಾಗ್ ಇಲ್ಲ ಅನ್ನಿಸುತ್ತದೆ. ಮೂರು ಪದ, ಮೂರೂ ಎಲ್ಲರಿಗೆ ಗೊತ್ತು, ಪ್ರತಿ ಪದ ದೊಡ್ಡಕ್ಷರದಿಂದ ಶುರುವಾಗುವುದರಿಂದ ಎಲ್ಲಿ ಒಡೆದು ಓದಬೇಕು ಎಂದೂ ಗೊತ್ತಾಗುತ್ತದೆ. ಕನ್ನಡದಲ್ಲಿ ಬರೆದಾಗ ಮಾತ್ರ ಕತೆ ಬೇರೆ:

```
#ಕನ್ನಡಟೀಚರ್ಬೇಕು
#ಕನ್ನಡಟೀಚರ್‌ಬೇಕು
```

ಮೊದಲನೆಯದನ್ನು ನೋಡಿ. ಟೀಚರ್‌ನ ಕೊನೆಯ ರ್ ತನ್ನ ಜಾಗದಲ್ಲಿ ನಿಲ್ಲಲೇ ಇಲ್ಲ. ಮುಂದಿನ ಬೇ ಜೊತೆ ಸೇರಿ ಅರ್ಕಾವೊತ್ತಾಗಿ ಅದರ ಬಲಕ್ಕೆ ಹೋಗಿ ಕೂತಿದೆ. ಟ್ಯಾಗ್‌ನಲ್ಲಿ ಪದಗಳ ನಡುವೆ ಜಾಗ ಬಿಡುವ ಹಾಗಿಲ್ಲ, ಬಿಟ್ಟರೆ ಟ್ಯಾಗ್ ಅಲ್ಲಿಗೇ ಮುಗಿಯುತ್ತದೆ. ಅಡ್ಡಗೆರೆ, ಚುಕ್ಕಿ ಹಾಕಿದರೂ ಅಷ್ಟೇ. ಹಾಗಾಗಿ ವ್ಯಂಜನದಲ್ಲಿ ನಿಲ್ಲುವ ಯಾವ ಪದವಾದರೂ (ಬಸ್, ರೋಡ್, ಟೀಚರ್, ಆಫೀಸ್) ಮುಂದಿನ ಪದದ ಮೊದಲ ವ್ಯಂಜನದ ಜೊತೆ ಸೇರಿ ಒತ್ತಕ್ಷರವಾಗುತ್ತದೆ. ‘ಬಸ್ ಬೇಕು’ ಎನ್ನುವುದು ‘ಬಸ್ಬೇಕು’ ಆಗುತ್ತದೆ, ಸ ಕೆಳಗೆ ಬ ಒತ್ತು.

ಎರಡನೆಯ ಸಾಲು ಸರಿಯಾಗಿ ಕಾಣುತ್ತದೆ, ಅಲ್ವಾ? ಅಲ್ಲಿ ರ್ ಮತ್ತು ಬೇ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಇದೆ. ಯೂನಿಕೋಡ್‌ನಲ್ಲಿ ಅದರ ಸಂಖ್ಯೆ U+200C, ಎರಡು ಅಕ್ಷರ ಕೂಡದ ಹಾಗೆ ತಡೆಯುವುದೇ ಅದರ ಕೆಲಸ. ಕೆಲವು ಕೀಬೋರ್ಡ್ ಅದನ್ನು ತಾನಾಗಿ ಹಾಕುತ್ತವೆ, ಕೆಲವು ಹಾಕುವುದಿಲ್ಲ, ಕೆಲವುಗಳಲ್ಲಿ ಅದನ್ನು ಹಾಕುವ ಕೀಲಿಯೇ ಇರುವುದಿಲ್ಲ. ತೊಂದರೆ ಬರೀ ಅಂದಚಂದದ್ದಲ್ಲ. ಕಾಣದಿದ್ದರೂ ಅದೂ ಒಂದು ಅಕ್ಷರವೇ, ಆದ್ದರಿಂದ ಮೇಲಿನ ಎರಡು ಸಾಲನ್ನು ಬೇರೆ ಬೇರೆ ಟ್ಯಾಗ್ ಎಂದು ಲೆಕ್ಕ ಹಿಡಿಯುವ ಸಾಧ್ಯತೆ ಇದೆ. ಒಂದರ ಮೇಲೆ ಒತ್ತಿದರೆ ಇನ್ನೊಂದರ ಪೋಸ್ಟ್ ಕಾಣದೆ ಹೋಗಬಹುದು. ಯಾರಾದರೂ ಕಳಿಸಿದ ಟ್ಯಾಗ್‌ನಲ್ಲಿ ಅದು ಇದೆಯಾ ಎಂದು ನೋಡಬೇಕಾದರೆ ಕರ್ಸರನ್ನು ಬೇ ಎಡಕ್ಕೆ ಇಟ್ಟು ಒಮ್ಮೆ ಬ್ಯಾಕ್‌ಸ್ಪೇಸ್ ಒತ್ತಿ ನೋಡಿ. ಯಾವ ಅಕ್ಷರವೂ ಅಳಿಯದೆ ಎರಡು ಪದ ಥಟ್ಟನೆ ಒಂದಕ್ಕೊಂದು ಅಂಟಿಕೊಂಡರೆ ಅದು ಅಲ್ಲಿತ್ತು ಎಂದರ್ಥ.

ಇದನ್ನು ಎಲ್ಲರಿಗೂ ಹೇಳಿಕೊಡುತ್ತಾ ಕೂರುವುದು ಆಗುವ ಕೆಲಸವಲ್ಲ. ಸ್ವರದಲ್ಲಿ ಮುಗಿಯುವ ಪದಗಳನ್ನೇ ಹುಡುಕುವುದು ಸುಲಭ. ಇನ್ನೂ ಒಂದು ಇದೆ, ಎರಡನೆಯ ಪದ ಸ್ವರದಿಂದ ಶುರುವಾಗಲೂ ಬಾರದು. ‘ಕನ್ನಡ ಉಳಿಸಿ’ ಎಂದರೆ ಒಬ್ಬರು ‘ಕನ್ನಡಉಳಿಸಿ’ ಎಂದು ಬರೆಯುತ್ತಾರೆ, ಪದದ ನಡುವೆ ಉ ನೋಡಿ ಬೇಸರಪಟ್ಟವರು ‘ಕನ್ನಡವುಳಿಸಿ’ ಎಂದು ಸಂಧಿ ಮಾಡುತ್ತಾರೆ. ಅಲ್ಲಿಗೆ ಮತ್ತೆ ಎರಡು ಟ್ಯಾಗ್.

ಆಮೇಲೆ ಬಂದದ್ದು #ನಮ್ಮಶಾಲೆಕನ್ನಡಶಾಲೆ. ಕನ್ನಡದಲ್ಲಿ ಚೆನ್ನಾಗಿದೆ, ಎಲ್ಲ ಪದವೂ ಸ್ವರದಲ್ಲಿ ಮುಗಿಯುತ್ತದೆ. ಆದರೆ ‘ಶಾಲೆ’ಯನ್ನು ಇಂಗ್ಲಿಷ್ ಅಕ್ಷರದಲ್ಲಿ ಹೇಗೆ ಬರೆಯುವುದು? Shale ಎಂದರೆ ಇಂಗ್ಲಿಷ್‌ನಲ್ಲಿ ಒಂದು ಬಗೆಯ ಕಲ್ಲು. Shaale ಎಂದು ಕೆಲವರು. ಹಳ್ಳಿಯ ಬಾಯಲ್ಲಿ ಅದು ‘ಸಾಲೆ’, ಆದ್ದರಿಂದ ಒಬ್ಬರು Saale ಎಂದು ಬರೆದು ಕಳಿಸಿದರು, ಹಿಂದಿ ಬಲ್ಲವರು ನಕ್ಕು ಸುಸ್ತಾದರು. ಕನ್ನಡದ ದೀರ್ಘ ಸ್ವರಕ್ಕೆ ಇಂಗ್ಲಿಷ್ ಅಕ್ಷರದಲ್ಲಿ ಎಲ್ಲರೂ ಒಪ್ಪಿದ ದಾರಿ ಇಲ್ಲ. ಆ ಗೆ ಒಂದು a ಅಥವಾ ಎರಡು, ಈ ಗೆ i ಅಥವಾ ee. ಟ ಮತ್ತು ತ ಇನ್ನೂ ಕಷ್ಟ. ಮಲಯಾಳದಲ್ಲಿ ಓದಿದವರು ತ ಗೆ th ಹಾಕುತ್ತಾರೆ, ನಮ್ಮಲ್ಲಿ t ಹಾಕುವವರೂ ಇದ್ದಾರೆ. ‘ಪಾಠ’ ಎಂಬ ಪದವನ್ನು ಈ ಕಾರಣಕ್ಕೇ ಬಿಟ್ಟೆವು. Patha ಎಂದು ಬರೆದರೆ ಅದು ಪಾಠವೋ ಪಥವೋ ದೇವರಿಗೇ ಗೊತ್ತು. ಹ್ರಸ್ವ ಸ್ವರಗಳೇ ಇರುವ ಪದಕ್ಕೆ ಮಾತ್ರ ಎಲ್ಲರ ಸ್ಪೆಲ್ಲಿಂಗ್ ಹೆಚ್ಚುಕಡಿಮೆ ಒಂದೇ ಬರುತ್ತದೆ.

ಆ ಲೆಕ್ಕದಲ್ಲಿ #KannadaKalisi ಚಿನ್ನದಂಥ ಟ್ಯಾಗ್. ಒಂದೂ ದೀರ್ಘ ಸ್ವರ ಇಲ್ಲ. ಕನ್ನಡ ಲಿಪಿಯಲ್ಲಿ #ಕನ್ನಡಕಲಿಸಿ ಎಂದು ಬರೆದು, ಕುಂಬಳೆಯಲ್ಲಿ ಅಂಗಡಿ ಇಟ್ಟುಕೊಂಡ ಪರಿಚಯದವರೊಬ್ಬರಿಗೆ ತೋರಿಸಿದೆ. ಅವರು ಫೋನನ್ನು ಸ್ವಲ್ಪ ದೂರ ಹಿಡಿದು ಓದಿ, “ಕನ್ನಡಕ ಎಂಥಕ್ಕೆ ಮಾರಾಯ್ರೇ, ಶಾಲೆಯಲ್ಲಿ ಕಣ್ಣಿನ ಕ್ಯಾಂಪ್ ಉಂಟಾ?” ಎಂದರು. ಅವರು ತಮಾಷೆ ಮಾಡಿದ್ದಲ್ಲ. ಕನ್ನಡದಲ್ಲಿ ದೊಡ್ಡಕ್ಷರ ಇಲ್ಲ, ಜಾಗವೂ ಇಲ್ಲದಾಗ ಕಣ್ಣು ತನಗೆ ಗೊತ್ತಿರುವ ಉದ್ದದ ಪದವನ್ನೇ ಮೊದಲು ಹಿಡಿಯುತ್ತದೆ. ನನಗೂ ಆಮೇಲೆ ಅದು ಕನ್ನಡಕವಾಗಿಯೇ ಕಾಣತೊಡಗಿತು. ಅಂಡರ್‌ಸ್ಕೋರ್ ಹಾಕಿ #ಕನ್ನಡ_ಕಲಿಸಿ ಎಂದು ಬರೆಯಬಹುದು, ಅದರಿಂದ ಟ್ಯಾಗ್ ಮುರಿಯುವುದಿಲ್ಲ. ಆದರೆ ಫೋನಿನಲ್ಲಿ ಅದನ್ನು ಹುಡುಕಬೇಕಾದರೆ ಚಿಹ್ನೆಗಳ ಪುಟಕ್ಕೆ ಹೋಗಬೇಕು, ಅರ್ಧ ಜನ ಹಾಕುವುದಿಲ್ಲ, ಮತ್ತೆ ಎರಡು ಪಾಲು. ಅರ್ಥದಲ್ಲೂ ಒಂದು ಕೊರತೆ ಇತ್ತು. ಹೊರಗಿನಿಂದ ಬಂದವರಿಗೆ ಕನ್ನಡ ಹೇಳಿಕೊಡುವವರ ಪೋಸ್ಟ್‌ಗಳ ನಡುವೆ ನಮ್ಮ ಶಾಲೆಯ ವಿಷಯ ಯಾರಿಗೂ ಕಾಣದ ಹಾಗೆ ಮುಳುಗಿ ಹೋಗುತ್ತಿತ್ತು.

ಊರಿನ ಹೆಸರು ಸೇರಿಸಿದರೆ ಹೇಗೆ ಎಂದು ಪಿಟಿಎಯ ಒಬ್ಬರು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಆದರೆ ನಮ್ಮೂರಿನ ಹೆಸರಿಗೇ ಸ್ಪೆಲ್ಲಿಂಗ್ ಗೊಂದಲ ಇದೆ. ಜಿಲ್ಲೆಯ ಸರ್ಕಾರಿ ವೆಬ್‌ಸೈಟ್‌ನಲ್ಲಿ Kasaragod, ಎಷ್ಟೋ ಬೋರ್ಡು, ಸುದ್ದಿಗಳಲ್ಲಿ Kasargod, ಕನ್ನಡದವರು ಬರೆಯುವಾಗ Kasaragodu. ಕನ್ನಡ ಲಿಪಿಯಲ್ಲೂ ಕಾಸರಗೋಡು, ಕಾಸರಗೋಡ್ ಎರಡೂ ನಡೆಯುತ್ತದೆ. ಹಾಗಾಗಿ ಊರನ್ನು ಮುಖ್ಯ ಟ್ಯಾಗ್‌ನಿಂದ ಹೊರಗಿಟ್ಟು, ಪಕ್ಕದಲ್ಲಿ #Kasaragod ಎಂದು ಬೇರೆಯಾಗಿ ಹಾಕುವುದು ಎಂದು ತೀರ್ಮಾನಿಸಿದೆವು.

ಕೊನೆಗೆ ನಿಂತದ್ದು #ಮಕ್ಕಳಿಗೆಕನ್ನಡ, #MakkaligeKannada.

ಇದರಲ್ಲಿ ಎರಡೇ ಪದ. ಮೊದಲನೆಯದು ಎ ಸ್ವರದಲ್ಲಿ ಮುಗಿಯುತ್ತದೆ, ಎರಡನೆಯದು ಕ ದಿಂದ ಶುರು. ಒತ್ತು ಬೀಳುವುದಿಲ್ಲ, ಸಂಧಿ ಆಗುವುದಿಲ್ಲ, ಕಾಣದ ಅಕ್ಷರವೂ ಬೇಡ. ದೀರ್ಘ ಸ್ವರ ಒಂದೂ ಇಲ್ಲ. ತಲೆನೋವು ಎಂದರೆ ಳ ಒಂದೇ, ಅದಕ್ಕೂ ನಮ್ಮವರು l ಬಿಟ್ಟು ಬೇರೇನೂ ಹಾಕುವುದಿಲ್ಲ. ಇನ್ನೊಂದು ಲಾಭ ಈ ಗಡಿಯಲ್ಲಿ ಮಾತ್ರ ಸಿಗುವಂಥದ್ದು. ‘ಮಕ್ಕಳ್’ ಮಲಯಾಳದಲ್ಲೂ ಇದೆ. ನೆರೆಮನೆಯ ಮಲಯಾಳದವರು ಇಂಗ್ಲಿಷ್ ಅಕ್ಷರದಲ್ಲಿ ಓದಿ, ಇದು ಮಕ್ಕಳ ವಿಷಯ, ನಮ್ಮ ಮೇಲಿನ ಜಗಳ ಅಲ್ಲ ಎಂದು ತಿಳಿದುಕೊಳ್ಳುತ್ತಾರೆ. ಕೆಲವರು ಶೇರ್ ಕೂಡ ಮಾಡಿದರು.

ಗಟ್ಟಿ ಮಾಡುವ ಮೊದಲು ಒಂದು ಪರೀಕ್ಷೆ ಮಾಡಿದೆವು, ನಿಮಗೂ ಹೇಳುತ್ತೇನೆ. ಟ್ಯಾಗನ್ನು ಬರೆದು ತೋರಿಸಬೇಡಿ. ವಾಟ್ಸಾಪ್ ಗುಂಪಿಗೆ ಬಾಯಲ್ಲಿ ಹೇಳಿ ವಾಯ್ಸ್ ಮೆಸೇಜ್ ಹಾಕಿ, ಪ್ರತಿಯೊಬ್ಬರೂ ಎರಡೂ ಲಿಪಿಯಲ್ಲಿ ಟೈಪ್ ಮಾಡಿ ನಿಮಗೊಬ್ಬರಿಗೇ ಕಳಿಸಲಿ. ಗುಂಪಿಗೇ ಕಳಿಸಿದರೆ ಮೊದಲನೆಯವರನ್ನು ನೋಡಿ ಉಳಿದವರು ನಕಲು ಮಾಡುತ್ತಾರೆ. ನಮಗೆ ಬಂದ ಉತ್ತರಗಳಲ್ಲಿ ತಪ್ಪಿದ್ದು ಮುಖ್ಯವಾಗಿ ಒಂದೇ ಜಾಗದಲ್ಲಿ: ಮಾತಿನಲ್ಲಿ ‘ಮಕ್ಕಳ್ಗೆ’ ಎನ್ನುವವರು Makkalge ಎಂದು ಬರೆದಿದ್ದರು. ಟೀಚರ್ ಟ್ಯಾಗನ್ನು ಹೀಗೇ ಕೇಳಿದಾಗ ಕನ್ನಡ ಲಿಪಿಯಲ್ಲಿ ಒಬ್ಬೊಬ್ಬರದು ಒಂದೊಂದು ಥರ ಬಂದಿತ್ತು.

ಪೋಸ್ಟರ್ ಮಾಡಿಸುವಾಗ ಇನ್ನೊಂದು ಸಂಗತಿ ನೆನಪಿಡಿ. ಡಿಟಿಪಿ ಅಂಗಡಿಗಳಲ್ಲಿ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡುವವರು ಈಗಲೂ ಇದ್ದಾರೆ. ಚಿತ್ರವಾಗಿ ಅದು ಚೆನ್ನಾಗಿಯೇ ಕಾಣುತ್ತದೆ. ಅದೇ ಫೈಲಿನಿಂದ ಟ್ಯಾಗನ್ನು ಕಾಪಿ ಮಾಡಿ ಪೋಸ್ಟಿಗೆ ಹಾಕಿದರೆ ‘ಕನ್ನಡ’ ಎಂಬುದು ಹೀಗೆ ಬರುತ್ತದೆ:

```
PÀ£ÀßqÀ
```

ಇದು ಯೂನಿಕೋಡ್ ಅಲ್ಲ. ಮೂರನೆಯ ಜಾಗದಲ್ಲಿರುವ ಪೌಂಡ್ ಚಿಹ್ನೆಯ ಹತ್ತಿರವೇ ಟ್ಯಾಗ್ ತುಂಡಾಗುತ್ತದೆ. ಅದಕ್ಕೇ ಕಾಪಿ ಮಾಡಲು ಒಂದು ಸಾಲನ್ನು ನಾನೇ ಫೋನಿನಲ್ಲಿ ಟೈಪ್ ಮಾಡಿ ಗುಂಪಿನಲ್ಲಿ ಪಿನ್ ಮಾಡಿಟ್ಟೆ:

```
#ಮಕ್ಕಳಿಗೆಕನ್ನಡ #MakkaligeKannada #Kasaragod
```

ಕನ್ನಡದ ಟ್ಯಾಗ್ ಮತ್ತು ಇಂಗ್ಲಿಷ್ ಅಕ್ಷರದ ಟ್ಯಾಗ್ ತಾವಾಗಿ ಒಂದಾಗುವುದಿಲ್ಲ. ಓದುವ ನಮಗೆ ಒಂದೇ ಮಾತು, ಆದರೆ ಅಲ್ಲಿ ಅವು ಎರಡು ರಾಶಿ. ಯಾವ ಪೋಸ್ಟ್ ಹಾಕಿದರೂ ಎರಡನ್ನೂ ಹಾಕಲೇಬೇಕು. ಇಂಗ್ಲಿಷ್ ಅಕ್ಷರದಲ್ಲಿ ದೊಡ್ಡದು ಸಣ್ಣದು ಬರೆದರೆ ಚಿಂತೆ ಇಲ್ಲ, makkaligekannada ಎಂದರೂ ಅದೇ ರಾಶಿಗೆ ಸೇರುತ್ತದೆ. ದೊಡ್ಡಕ್ಷರ ಓದುವವರ ಅನುಕೂಲಕ್ಕೆ, ಮತ್ತು ಸ್ಕ್ರೀನ್ ರೀಡರ್ ಪದ ಬಿಡಿಸಿ ಓದಲಿ ಎಂದು.

ದಿನದ ಬಗ್ಗೆಯೂ ಒಂದು ಚರ್ಚೆ ಆಯಿತು. ನವೆಂಬರ್ 1ಕ್ಕೆ ಶುರು ಮಾಡೋಣ ಎಂದು ಹಲವರಿಗೆ ಆಸೆ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ದಿನ ಅದು, ಭಾವನೆ ನನಗೂ ಅರ್ಥವಾಗುತ್ತದೆ. ಆದರೆ ಅವತ್ತು ಅತ್ತ ರಾಜ್ಯೋತ್ಸವ, ಇತ್ತ ಕೇರಳ ಪಿರವಿ. ‘ಕನ್ನಡ’ ಎಂದು ಹುಡುಕಿದರೆ ಬರೀ ಬಾವುಟ, ಶುಭಾಶಯ. ನಾವು ಜೂನ್‌ನಲ್ಲಿ ಶಾಲೆ ಶುರುವಾಗುವ ವಾರವನ್ನೇ ಆರಿಸಿಕೊಂಡೆವು.

ಈಗಲೂ ಬಿಡುವಾದಾಗ ನಾನು ತಪ್ಪು ಸ್ಪೆಲ್ಲಿಂಗ್‌ಗಳನ್ನೇ ಹುಡುಕುತ್ತೇನೆ, #MakkalgeKannada ಮೊದಲು. ಯಾರಾದರೂ ಸಿಕ್ಕಿದರೆ ಅವರ ಪೋಸ್ಟಿನ ಕೆಳಗೆ ಪಿನ್ ಮಾಡಿದ ಸಾಲನ್ನೇ ಕಮೆಂಟಾಗಿ ಹಾಕಿ, “ಇದನ್ನೂ ಸೇರಿಸಿ ಅಕ್ಕಾ” ಅಂತೀನಿ. ಹೆಚ್ಚಿನವರು ಎಡಿಟ್ ಮಾಡುತ್ತಾರೆ.