ಕರ್ಣ ಎಳೆದು, ಎಣಿಸಿ, ಸೂತ್ರ ಕಟ್ಟುವುದು ಹೇಗೆ?

n ಬಾಹುಗಳ ಆಕೃತಿಗೆ n(n − 3)/2 ಕರ್ಣಗಳು ಎಂಬುದು ಶಾಲೆಯಲ್ಲೇ ಸಿಗುವ ಸೂತ್ರ. ಆ ಕರ್ಣಗಳನ್ನೆಲ್ಲ ಎಳೆದ ಮೇಲೆ ಆಕೃತಿಯ ಒಳಭಾಗ ಎಷ್ಟು ತುಂಡಾಗುತ್ತದೆ ಎಂದು ಕೇಳಿದರೆ ಉತ್ತರ ಅಷ್ಟು ಸುಲಭವಾಗಿ ನಾಲಿಗೆಗೆ ಬರುವುದಿಲ್ಲ. ಎರಡಕ್ಕೂ ಉತ್ತರ ಬಹುಪದೋಕ್ತಿಯೇ. ಎರಡನ್ನೂ ಸಣ್ಣ ಚಿತ್ರಗಳಲ್ಲಿ ಎಣಿಸಿ, ವ್ಯತ್ಯಾಸಗಳ ಪಟ್ಟಿ ಮಾಡಿ ಕಂಡುಹಿಡಿಯಬಹುದು. ಮೊದಲನೆಯದರಲ್ಲಿ ಕೈ ಪಳಗಿಸಿಕೊಂಡು ಎರಡನೆಯದಕ್ಕೆ ಹೋಗೋಣ.

ಕರ್ಣಗಳ ಲೆಕ್ಕ

ತ್ರಿಭುಜಕ್ಕೆ ಕರ್ಣವಿಲ್ಲ. ಚತುರ್ಭುಜಕ್ಕೆ 2, ಪಂಚಭುಜಕ್ಕೆ 5, ಷಡ್ಭುಜಕ್ಕೆ 9, ಸಪ್ತಭುಜಕ್ಕೆ 14. ಈ ಸಂಖ್ಯೆಗಳನ್ನು ಒಂದು ಸಾಲಿನಲ್ಲಿ ಬರೆಯಿರಿ. ಪಕ್ಕಪಕ್ಕದ ಎರಡೆರಡು ಸಂಖ್ಯೆಗಳಲ್ಲಿ ಬಲಗಡೆಯದರಿಂದ ಎಡಗಡೆಯದನ್ನು ಕಳೆದು ಕೆಳಗಿನ ಸಾಲು ಮಾಡಿ. ಆ ಸಾಲಿಗೂ ಹೀಗೇ ಮಾಡಿ.

```
0   2   5   9   14
  2   3   4   5
    1   1   1
```

ಮೂರನೆಯ ಸಾಲಿನಲ್ಲಿ ಒಂದೇ ಸಂಖ್ಯೆ ಮತ್ತೆ ಮತ್ತೆ ಬಂತು. ಎರಡು ಸಲ ಕಳೆದಾಗ ಸಾಲು ಸ್ಥಿರವಾದರೆ ಎರಡನೆಯ ಘಾತದ ಬಹುಪದೋಕ್ತಿ ಎಂದರ್ಥ. ಮೂರು ಸಲ ಕಳೆಯಬೇಕಾಗಿ ಬಂದರೆ ಮೂರನೆಯ ಘಾತ, ನಾಲ್ಕು ಸಲವಾದರೆ ನಾಲ್ಕನೆಯ ಘಾತ.

ಸೂತ್ರ ಕಟ್ಟಲು ಬೇಕಾದದ್ದು ಪ್ರತಿ ಸಾಲಿನ ಮೊದಲ ಸಂಖ್ಯೆ ಮಾತ್ರ. ಇಲ್ಲಿ ಅವು 0, 2, 1. ಪಟ್ಟಿಯ ಆರಂಭದಿಂದ ಎಷ್ಟು ಹೆಜ್ಜೆ ಮುಂದೆ ಬಂದಿದ್ದೇವೆ ಎಂಬುದನ್ನು m ಎನ್ನೋಣ. ಮೊದಲ ಸಾಲಿನ ಸಂಖ್ಯೆಯನ್ನು ಹಾಗೆಯೇ ಇಟ್ಟು, ಎರಡನೆಯದನ್ನು m ನಿಂದ, ಮೂರನೆಯದನ್ನು m(m − 1)/2 ರಿಂದ ಗುಣಿಸಿ ಕೂಡಿಸಿ:

```
0 + 2m + 1·m(m−1)/2 = m(m+3)/2
```

ನಮ್ಮ ಪಟ್ಟಿ ತ್ರಿಭುಜದಿಂದ ಶುರುವಾಗಿದೆ, ಹಾಗಾಗಿ m = n − 3. ಅದನ್ನು ಆದೇಶಿಸಿದರೆ n(n − 3)/2 ಸಿಗುತ್ತದೆ. ಅತಿ ಹೆಚ್ಚು ಜನ ಎಡವುವುದು ಇಲ್ಲೇ: m ಇರಬೇಕಾದಲ್ಲಿ ನೇರವಾಗಿ n ಬರೆದುಬಿಡುತ್ತಾರೆ. ಹಾಗೆ ಮಾಡಿದರೆ ತ್ರಿಭುಜಕ್ಕೆ 9 ಕರ್ಣಗಳು ಬರುತ್ತವೆ. ಸೂತ್ರ ಸಿಕ್ಕ ಕೂಡಲೇ ಪಟ್ಟಿಯ ಮೊದಲ ಮತ್ತು ಕೊನೆಯ ಸಂಖ್ಯೆಗಳನ್ನು ಅದರಿಂದ ಮತ್ತೆ ತೆಗೆದು ನೋಡಿದರೆ ಈ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. ಇನ್ನೊಂದು ಮಾತು: n = 1 ಎಂದು ಹಾಕಿದರೆ ಸೂತ್ರ −1 ಎನ್ನುತ್ತದೆ. ಅದು ಸೂತ್ರದ ದೋಷವಲ್ಲ, ಒಂದು ಬಾಹುವಿನ ಬಹುಭುಜವೇ ಇಲ್ಲ. ಸೂತ್ರದ ಪಕ್ಕದಲ್ಲಿ ‘n ≥ 3’ ಎಂದು ಬರೆಯುವುದು ಈ ಕಾರಣಕ್ಕೆ.

ಈಗ ತುಂಡುಗಳು

ದೊಡ್ಡ ಚಿತ್ರ ಬೇಕು. ಎ4 ಹಾಳೆಯಲ್ಲಿ 8 ಅಥವಾ 9 ಸೆಂ.ಮೀ. ತ್ರಿಜ್ಯದ ವೃತ್ತ ಬರೆದು, ಶೃಂಗಗಳನ್ನು ಅದರ ಮೇಲೆ ಗುರುತಿಸಿ. ಹೀಗೆ ಮಾಡಿದರೆ ಯಾವ ಮೂಲೆಯೂ ಒಳಕ್ಕೆ ಮಡಚಿಕೊಳ್ಳುವುದಿಲ್ಲ. ಬಿಂದುಗಳ ನಡುವಿನ ಅಂತರ ಬೇಕೆಂದೇ ಏರುಪೇರಾಗಿರಲಿ. ಅಂದವಾಗಿರಲಿ ಎಂದು ಸಮ ಅಂತರದಲ್ಲಿ ಇಟ್ಟರೆ ಏನಾಗುತ್ತದೆ ಎಂಬುದು ಮುಂದೆ ಬರುತ್ತದೆ. ಕರ್ಣಗಳನ್ನು ಮೊನಚಾದ ಪೆನ್ಸಿಲ್‌ನಿಂದ ಎಳೆದು, ಪ್ರತಿ ತುಂಡಿನೊಳಗೂ ಒಂದೊಂದು ಸಂಖ್ಯೆ ಬರೆಯುತ್ತ ಹೋಗಿ. ಬರೀ ಕಣ್ಣಿನಿಂದ ಎಣಿಸಿದರೆ ಸಪ್ತಭುಜದಲ್ಲಿ ಒಂದಲ್ಲ ಒಂದು ತುಂಡು ಬಿಟ್ಟುಹೋಗುವುದು ಖಂಡಿತ.

ತ್ರಿಭುಜಕ್ಕೆ 1, ಚತುರ್ಭುಜಕ್ಕೆ 4, ಪಂಚಭುಜಕ್ಕೆ 11, ಷಡ್ಭುಜಕ್ಕೆ 25, ಸಪ್ತಭುಜಕ್ಕೆ 50 ಬರಬೇಕು.

```
1   4   11   25   50
  3   7   14   25
    4   7   11
      3   4
        1
```

ಕೊನೆಯ ಸಾಲಿನಲ್ಲಿರುವುದು ಒಂದೇ ಒಂದು 1. ಮುಂದೆಯೂ ಅದು 1 ಆಗಿಯೇ ಇರುತ್ತದೆ ಎನ್ನಲು ಪಟ್ಟಿಯಲ್ಲಿ ಯಾವ ಆಧಾರವೂ ಇಲ್ಲ. ಯಾವುದೇ ಐದು ಸಂಖ್ಯೆಗಳನ್ನು ಕೊಡಿ, ಅವುಗಳ ಮೂಲಕ ಹಾಯುವ, ಘಾತ ನಾಲ್ಕನ್ನು ಮೀರದ ಬಹುಪದೋಕ್ತಿ ಇದ್ದೇ ಇರುತ್ತದೆ. ಹಾಗಾಗಿ ‘ಐದಕ್ಕೂ ಹೊಂದಿತು’ ಎಂಬುದು ಏನನ್ನೂ ಸಾಧಿಸುವುದಿಲ್ಲ. ಘಾತ ನಾಲ್ಕನ್ನು ದಾಟುವುದಿಲ್ಲ ಎಂದು ಚಿತ್ರದಿಂದಲೇ ತೋರಿಸಬೇಕು.

ಹೀಗೆ ತೋರಿಸಬಹುದು. ಕರ್ಣಗಳನ್ನು ಒಂದೊಂದಾಗಿ ಎಳೆಯುತ್ತಿದ್ದೀರಿ ಎಂದುಕೊಳ್ಳಿ. ಶುರುವಿನಲ್ಲಿ ಒಂದೇ ತುಂಡು. ಹೊಸ ಕರ್ಣವೊಂದು ಹಳೆಯ ಕರ್ಣಗಳನ್ನು ಎರಡು ಕಡೆ ದಾಟಿದರೆ ಅದು ಮೂರು ತುಂಡುಗಳ ನಡುವೆ ಹಾದುಹೋಗಿ ಮೂರನ್ನೂ ಸೀಳುತ್ತದೆ. ಅಂದರೆ ಪ್ರತಿ ಕರ್ಣಕ್ಕೆ ಒಂದು ಮತ್ತು ಅದು ಉಂಟುಮಾಡುವ ಪ್ರತಿ ಛೇದನ ಬಿಂದುವಿಗೆ ಒಂದರಂತೆ ತುಂಡುಗಳು ಹೆಚ್ಚುತ್ತವೆ. ಒಟ್ಟು ತುಂಡುಗಳು = 1 + ಕರ್ಣಗಳು + ಛೇದನ ಬಿಂದುಗಳು. ಕರ್ಣಗಳ ಸಂಖ್ಯೆಯ ಘಾತ ಎರಡು ಎಂಬುದು ಗೊತ್ತೇ ಇದೆ. ಇನ್ನು ಒಂದು ಛೇದನ ಬಿಂದುವಿಗೆ ಎರಡು ಕರ್ಣ ಬೇಕು, ಎರಡು ಕರ್ಣಗಳಿಗೆ ನಾಲ್ಕು ಶೃಂಗ ಬೇಕು. ತಿರುಗಿಸಿ ನೋಡಿದರೆ, ಯಾವ ನಾಲ್ಕು ಶೃಂಗಗಳನ್ನು ಆರಿಸಿದರೂ ಅವುಗಳಿಂದಾಗುವ ಚತುರ್ಭುಜದ ಎರಡು ಕರ್ಣಗಳು ಸರಿಯಾಗಿ ಒಂದು ಕಡೆ ಕೂಡುತ್ತವೆ. n ಶೃಂಗಗಳಿಂದ ನಾಲ್ಕನ್ನು ಆರಿಸುವ ವಿಧಾನಗಳ ಸಂಖ್ಯೆ n(n − 1)(n − 2)(n − 3)/24. ಅದು ನಾಲ್ಕನೆಯ ಘಾತದ ಬಹುಪದೋಕ್ತಿ. ಇಲ್ಲಿಗೆ ಐದು ಸಂಖ್ಯೆಗಳು ಸಾಕು ಎಂಬುದು ಖಚಿತವಾಯಿತು.

ಗಮನಿಸಿದವರು ‘ಇಷ್ಟು ಗೊತ್ತಿದ್ದ ಮೇಲೆ ಪಟ್ಟಿ ಯಾಕೆ ಬೇಕು, ಸೂತ್ರ ಬಂದೇಬಿಟ್ಟಿತಲ್ಲ’ ಎನ್ನಬಹುದು. ಈ ಲೆಕ್ಕದ ಮಟ್ಟಿಗೆ ಆ ಮಾತು ಸರಿ. ಆದರೆ ಘಾತ ಎಷ್ಟನ್ನು ಮೀರದು ಎಂದು ಹೇಳುವುದು ಸುಲಭವಾಗಿದ್ದು, ಪೂರ್ತಿ ಸೂತ್ರವನ್ನು ನೇರವಾಗಿ ಬರೆಯುವುದು ಕಷ್ಟವಾಗಿರುವ ಎಣಿಕೆಗಳು ಎಷ್ಟೋ ಇವೆ. ಅಲ್ಲಿ ಪಟ್ಟಿಯೇ ಗತಿ. ಇಲ್ಲಿ ಎರಡು ದಾರಿಗಳಿರುವುದರಿಂದ ಒಂದನ್ನು ಇನ್ನೊಂದರಿಂದ ತಾಳೆ ನೋಡಬಹುದು.

ಪ್ರತಿ ಸಾಲಿನ ಮೊದಲ ಸಂಖ್ಯೆಗಳು 1, 3, 4, 3, 1. ಮೊದಲಿನಂತೆಯೇ ಕೂಡಿಸಿ, ಪ್ರತಿ ಹಂತದಲ್ಲೂ ಮೇಲೆ ಒಂದು ಅಪವರ್ತನ ಹೆಚ್ಚುತ್ತದೆ, ಛೇದ 2, 6, 24 ಎಂದು ಬೆಳೆಯುತ್ತದೆ:

```
1 + 3m + 4·m(m−1)/2 + 3·m(m−1)(m−2)/6
  + 1·m(m−1)(m−2)(m−3)/24
```

m ಜಾಗದಲ್ಲಿ n − 3 ಹಾಕಿ ಸುಲಭೀಕರಿಸಿದರೆ (n − 1)(n − 2)(n² − 3n + 12)/24 ಬರುತ್ತದೆ. ಅಷ್ಟಭುಜಕ್ಕೆ 7 × 6 × 52 / 24 = 91. ಇನ್ನೊಂದು ದಾರಿಯಲ್ಲಿ 1 + 20 + 70, ಅದೂ 91. ಸುಲಭೀಕರಿಸಿದ ಸೂತ್ರದಿಂದ ಎಲ್ಲಾದರೂ ಭಿನ್ನರಾಶಿ ಬಂದರೆ ಬೀಜಗಣಿತದಲ್ಲಿ ಕೈತಪ್ಪಿದೆ ಎಂದೇ ತಿಳಿಯಿರಿ. ಮೇಲಿನ ಉದ್ದದ ರೂಪ ಪೂರ್ಣಾಂಕಗಳಿಂದ ಹುಟ್ಟಿದ್ದು, ಅದು ಯಾವಾಗಲೂ ಪೂರ್ಣಾಂಕವನ್ನೇ ಕೊಡುತ್ತದೆ.

ಎಣಿಕೆ ತಪ್ಪಿದ್ದರೆ ಗೊತ್ತಾಗುವುದು ಹೇಗೆ?

ಯಾರಾದರೂ ಷಡ್ಭುಜವನ್ನು ಸಮ ಬಾಹುಗಳಿಂದ, ನಿಯಮಿತವಾಗಿ ಬರೆದರು ಎಂದುಕೊಳ್ಳಿ. ಎದುರುಬದುರು ಶೃಂಗಗಳನ್ನು ಸೇರಿಸುವ ಮೂರು ಕರ್ಣಗಳು ಆಗ ಕೇಂದ್ರದಲ್ಲಿ ಒಂದೇ ಬಿಂದುವಿನಲ್ಲಿ ಕೂಡುತ್ತವೆ. ಅಲ್ಲಿರಬೇಕಾದ ಪುಟ್ಟ ತ್ರಿಭುಜ ಮಾಯವಾಗಿ 25ರ ಬದಲು 24 ತುಂಡುಗಳು ಸಿಗುತ್ತವೆ. ಉಳಿದವನ್ನೆಲ್ಲ ಸರಿಯಾಗಿ ಎಣಿಸಿ, ಒಂಬತ್ತು ಬಾಹುಗಳ ಆಕೃತಿಯವರೆಗೂ ಹೋದರೆ ಪಟ್ಟಿ ಹೀಗಾಗುತ್ತದೆ:

```
1   4   11   24   50   91   154
  3   7   13   26   41   63
    4   6   13   15   22
      2   7   2   7
        5   −5   5
```

ಇರಬೇಕಾದದ್ದು 1, 1, 1. ಬಂದಿರುವ ಸಂಖ್ಯೆಗಳು ಅದಕ್ಕಿಂತ 4 ಹೆಚ್ಚು, 6 ಕಡಿಮೆ, 4 ಹೆಚ್ಚು. ಮೇಲಿನ ಸಾಲಿನಲ್ಲಿ ಒಂದೇ ಕಡೆ ಒಂದು ತಪ್ಪಾದರೆ ಅದು ನಾಲ್ಕನೆಯ ವ್ಯತ್ಯಾಸಗಳಿಗೆ ಇಳಿಯುವ ಹೊತ್ತಿಗೆ 1, 4, 6, 4, 1 ಎಂಬ ಅನುಪಾತದಲ್ಲಿ, ಚಿಹ್ನೆ ಬದಲಾಯಿಸುತ್ತ ಹರಡಿಕೊಳ್ಳುತ್ತದೆ. ಅತಿ ದೊಡ್ಡ ಏರುಪೇರು, ಅಂದರೆ 6 ಇರುವ ಜಾಗದಿಂದ ನೇರ ಮೇಲಕ್ಕೆ ಹೋದರೆ ತಪ್ಪಾದ ಸಂಖ್ಯೆ ಸಿಗುತ್ತದೆ. ಇಲ್ಲಿ ಅದು ನಡುವಿನ 24. ಆರು ಕಡಿಮೆಯಾಗಿದೆ ಎಂದರೆ ಎಣಿಕೆಯಲ್ಲಿ ಒಂದು ಕಡಿಮೆಯಾಗಿದೆ. ಕೊನೆಯ ಸಾಲಿನಲ್ಲಿ ಒಂದೇ ಸಂಖ್ಯೆ ಉಳಿಯುವಷ್ಟು ಚಿಕ್ಕ ಪಟ್ಟಿಯಲ್ಲಿ ಈ ಗುರುತು ಕಾಣಿಸದು. ಐದು ಸಾಕಾದರೂ ಆರು, ಏಳು ಎಣಿಕೆ ಮಾಡಿಕೊಳ್ಳುವುದು ಒಳ್ಳೆಯದು ಎನ್ನುವುದು ಇದಕ್ಕೇ.

ಚಿತ್ರವನ್ನೇ ಪರೀಕ್ಷಿಸುವ ಉಪಾಯವೂ ಇದೆ. ಒಂದು ಕರ್ಣದ ಒಂದು ಬದಿಗೆ a ಶೃಂಗಗಳು, ಇನ್ನೊಂದು ಬದಿಗೆ b ಶೃಂಗಗಳು ಇದ್ದರೆ ಅದರ ಮೇಲೆ a × b ಛೇದನ ಬಿಂದುಗಳು ಇರಲೇಬೇಕು. ಸಪ್ತಭುಜದ 14 ಕರ್ಣಗಳಲ್ಲಿ ಏಳರ ಮೇಲೆ 1 × 4 = 4, ಉಳಿದ ಏಳರ ಮೇಲೆ 2 × 3 = 6. ಒಟ್ಟು 70, ಪ್ರತಿ ಬಿಂದು ಎರಡು ಸಲ ಲೆಕ್ಕಕ್ಕೆ ಬಂದಿರುವುದರಿಂದ 35. ನಿಮ್ಮ ಚಿತ್ರದ ಯಾವುದೋ ಕರ್ಣದ ಮೇಲೆ ಬಿಂದು ಕಡಿಮೆ ಕಂಡರೆ ಅಲ್ಲಿ ಮೂರು ಕರ್ಣಗಳು ಕೂಡಿಕೊಂಡಿವೆ, ಇಲ್ಲವೇ ಪೆನ್ಸಿಲ್ ಗೆರೆಯ ದಪ್ಪದಡಿ ಪುಟ್ಟ ತ್ರಿಭುಜ ಮುಚ್ಚಿಹೋಗಿದೆ. ಒಂದು ಶೃಂಗವನ್ನು ಅರ್ಧ ಸೆಂಟಿಮೀಟರ್ ಸರಿಸಿ ಮತ್ತೆ ಬರೆಯಿರಿ.

ಪಟ್ಟಿ ಕೈಕೊಡುವ ಜಾಗ

ಹಾಗಾದರೆ ಎಲ್ಲ ಆಕೃತಿಗಳನ್ನೂ ನಿಯಮಿತವಾಗಿಯೇ ಬರೆದರೆ? ಮೂರರಿಂದ ಹತ್ತು ಬಾಹುಗಳವರೆಗೆ ತುಂಡುಗಳು 1, 4, 11, 24, 50, 80, 154, 220. ಇವುಗಳ ನಾಲ್ಕನೆಯ ವ್ಯತ್ಯಾಸಗಳು 5, −16, 49, −92. ಏರುಪೇರು ಒಂದು ಕಡೆ ಎದ್ದು ಅಡಗುತ್ತಿಲ್ಲ, ಹೋಗುತ್ತ ಹೋಗುತ್ತ ದೊಡ್ಡದಾಗುತ್ತಿದೆ. ಎಣಿಕೆಯಲ್ಲಿ ತಪ್ಪಿಲ್ಲ, ಇಲ್ಲಿ ಬಹುಪದೋಕ್ತಿಯೇ ಇಲ್ಲ. n ಬೆಸವಾದಾಗ ನಿಯಮಿತ ಆಕೃತಿಯ ಮೂರು ಕರ್ಣಗಳು ಒಳಗೆ ಎಲ್ಲೂ ಒಂದೇ ಬಿಂದುವಿನಲ್ಲಿ ಕೂಡುವುದಿಲ್ಲ, ಹಾಗಾಗಿ ನಮ್ಮ ಸೂತ್ರವೇ ನಡೆಯುತ್ತದೆ. ಸಮವಾದಾಗ, ಚತುರ್ಭುಜವೊಂದನ್ನು ಬಿಟ್ಟರೆ, ನಡೆಯುವುದಿಲ್ಲ. ಅಷ್ಟಭುಜದಲ್ಲಿ 70 ಛೇದನ ಬಿಂದುಗಳ ಬದಲು 49 ಮಾತ್ರ ಉಳಿಯುತ್ತವೆ. ಈ ಲೆಕ್ಕಕ್ಕೆ ಪೂರ್ಣ ಸೂತ್ರವನ್ನು ಬ್ಯೋರ್ನ್ ಪೂನನ್ ಮತ್ತು ಮೈಕಲ್ ರೂಬಿನ್‌ಸ್ಟೀನ್ 1998ರಲ್ಲಿ ಪ್ರಕಟಿಸಿದರು. ಅದರಲ್ಲಿ n ಅನ್ನು 4, 6, 12 ಮುಂತಾದ ಸಂಖ್ಯೆಗಳು ನಿಶ್ಶೇಷವಾಗಿ ಭಾಗಿಸುತ್ತವೆಯೇ ಎಂದು ನೋಡಿ ಬೇರೆ ಬೇರೆ ಪದಗಳನ್ನು ಸೇರಿಸಬೇಕಾಗುತ್ತದೆ.