ಉತ್ತರ ಎಲ್ಲಿದೆ? ಬೆರಳಿಟ್ಟು ತೋರಿಸಿ

ಏಳನೇ ತರಗತಿಗೆ ಒಮ್ಮೆ ಕನ್ನಡ ಪ್ರಶ್ನೆಪತ್ರಿಕೆ ತೆಗೆದಿದ್ದೆ. ಒಂದು ಗದ್ಯಭಾಗ, ಅದರ ಕೆಳಗೆ ಹತ್ತು ಪ್ರಶ್ನೆ. ಏಳು ಪ್ರಶ್ನೆಗಳಲ್ಲಿ ‘ಏಕೆ’ ಇತ್ತು. ಮಕ್ಕಳು ಯೋಚಿಸಿ ಬರೆಯಲಿ ಅನ್ನೋದು ನನ್ನ ಲೆಕ್ಕ. ಹೆಚ್ಚುಕಡಿಮೆ ಎಲ್ಲರಿಗೂ ಪೂರ್ತಿ ಅಂಕ ಬಂತು. ಖುಷಿಯಾಗಿಯೇ ಇದ್ದೆ. ಮರುದಿನ ಸುಮ್ನೆ ಬಾಯಲ್ಲಿ ಕೇಳಿದರೆ, ಆ ಗದ್ಯದಲ್ಲಿ ಏನು ನಡೆಯಿತು ಅಂತ ಅರ್ಧ ತರಗತಿಗೆ ಗೊತ್ತೇ ಇರಲಿಲ್ಲ. ಮತ್ತೆ ಬರೆದದ್ದು ಹೇಗೆ? ‘ಏಕೆಂದರೆ’ ಇರುವ ಸಾಲು ಹುಡುಕಿ, ಅದನ್ನೇ ಇಳಿಸಿದ್ದರು.

ಈ ಸಾಲು ನೋಡಿ. ‘ಗಿಬ್ಬನು ತೊರಕನ್ನು ಮಡುಪಿದನು, ಏಕೆಂದರೆ ತೊರಕು ಸಿಲ್ಪಾಗಿತ್ತು.’ ಗಿಬ್ಬನು ತೊರಕನ್ನು ಏಕೆ ಮಡುಪಿದನು? ತೊರಕು ಸಿಲ್ಪಾಗಿದ್ದರಿಂದ! ಪೂರ್ತಿ ಅಂಕ. ಗಿಬ್ಬ ಯಾರು, ತೊರಕು ಎಂದರೇನು, ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಕನ್ನಡದ ವಿಭಕ್ತಿಗಳೇ ಯಾರು, ಏನನ್ನು, ಯಾತಕ್ಕೆ ಅಂತ ದಾರಿ ತೋರಿಸಿಬಿಡುತ್ತವೆ. ಹಾಗಾಗಿ ‘ಏನು’ ಎಂದರೆ ಸುಲಭ, ‘ಏಕೆ’ ಎಂದರೆ ಕಷ್ಟ ಅನ್ನುವ ಲೆಕ್ಕ ನಡೆಯೋದಿಲ್ಲ. ಪ್ರಶ್ನೆಯ ಮಟ್ಟ ಗೊತ್ತಾಗಬೇಕಾದರೆ ಅದರ ಉತ್ತರ ಎಲ್ಲಿ ಕೂತಿದೆ ಅಂತ ನೋಡಬೇಕು.

ಉತ್ತರ ಸಾಲಿನಲ್ಲೇ ಇದ್ದರೆ ಅದು ಅಕ್ಷರಶಃ ಪ್ರಶ್ನೆ. ಸುಳಿವು ಮಾತ್ರ ಸಾಲಿನಲ್ಲಿದ್ದು, ಉಳಿದದ್ದನ್ನು ಓದುವವರು ತಮ್ಮ ತಿಳಿವಳಿಕೆಯಿಂದ ತುಂಬಿಕೊಳ್ಳಬೇಕಾದರೆ ಅದು ಅನುಮಾನಾತ್ಮಕ. ಇಲ್ಲಿ ಅನುಮಾನ ಅಂದರೆ ಸಂಶಯವಲ್ಲ, ಊಹಿಸಿ ತಿಳಿಯುವುದು. ಓದಿದ್ದನ್ನು ಒಂದು ಅಳತೆಗೋಲು ಇಟ್ಟು ತೂಗಿ, ಸರಿಯೋ ತಪ್ಪೋ, ನಂಬಬಹುದೋ ಇಲ್ಲವೋ ಎಂದು ಹೇಳಬೇಕಾದರೆ ಅದು ಮೌಲ್ಯಮಾಪನದ ಪ್ರಶ್ನೆ. 1960ರ ದಶಕದಲ್ಲಿ ಅಮೆರಿಕದ ಥಾಮಸ್ ಬ್ಯಾರೆಟ್ ಓದಿನ ಪ್ರಶ್ನೆಗಳನ್ನು ವಿಂಗಡಿಸುವಾಗ ಇನ್ನೂ ಕೆಲವು ಮಟ್ಟ ಸೇರಿಸಿದ್ದರು. ತರಗತಿಯ ಕೆಲಸಕ್ಕೆ ಈ ಮೂರು ಸಾಕು.

ಮೊದಲು ಗದ್ಯ

ಎಲ್ಲವನ್ನೂ ಬಿಡಿಸಿ ಹೇಳಿಬಿಡುವ ಗದ್ಯ ಈ ಕೆಲಸಕ್ಕೆ ಬರೋದಿಲ್ಲ. ಏನನ್ನಾದರೂ ಹೇಳದೆ ಬಿಟ್ಟಿರಬೇಕು. ನಾನು ತರಗತಿಗೆಂದೇ ಬರೆದುಕೊಂಡ ಒಂದು ತುಣುಕು ಇಲ್ಲಿದೆ.

> ಜುಲೈ ತಿಂಗಳು. ಬೆಳಗಿನಿಂದ ಮಳೆ. ಗಂಗಕ್ಕ ಕಾರವಾರದ ಪೇಟೆಯಲ್ಲಿ ಬುಟ್ಟಿ ಇಳಿಸಿ, ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿದಳು. ಬುಟ್ಟಿಯಲ್ಲಿ ಒಣ ಬಂಗಡೆ, ಒಣ ಸಿಗಡಿ. ಒಬ್ಬರು ಬಂದು, ‘ತಾಜಾ ಬಂಗಡೆ ಇಲ್ವಾ?’ ಎಂದು ಕೇಳಿದರು. ಗಂಗಕ್ಕ ನಕ್ಕಳು. ‘ಆಗಸ್ಟಿನಲ್ಲಿ ಬನ್ನಿ’ ಎಂದಳು. ಅವರು ನೂರು ರೂಪಾಯಿಯ ಒಣ ಸಿಗಡಿ ಕೊಂಡರು. ಸಂಜೆಯ ಹೊತ್ತಿಗೆ ಗಂಗಕ್ಕನ ಬುಟ್ಟಿ ಖಾಲಿ. ಪಕ್ಕದ ಹೆಂಗಸಿನ ಬುಟ್ಟಿಯಲ್ಲಿ ಇನ್ನೂ ಅರ್ಧ ಉಳಿದಿತ್ತು. ಗಂಗಕ್ಕ ತನ್ನ ಬುಟ್ಟಿ ಮಗುಚಿ ಇಟ್ಟು, ಆಕೆಯ ಪಕ್ಕ ಕುಳಿತು ಗಿರಾಕಿಗಳನ್ನು ಕರೆಯತೊಡಗಿದಳು. ಕೊನೆಯ ಬಸ್ಸು ಹೊರಟುಹೋಯಿತು.

ಸಾಲಿನ ಮೇಲೇ ಇರುವ ಉತ್ತರ

ಗಂಗಕ್ಕನ ಬುಟ್ಟಿಯಲ್ಲಿ ಏನಿತ್ತು? ಬಂದವರು ಎಷ್ಟು ರೂಪಾಯಿಯ ಸಿಗಡಿ ಕೊಂಡರು? ಸಂಜೆ ಯಾರ ಬುಟ್ಟಿಯಲ್ಲಿ ಮೀನು ಉಳಿದಿತ್ತು? ಮಗುವಿಗೆ ‘ಉತ್ತರದ ಮೇಲೆ ಬೆರಳಿಡು’ ಅನ್ನಿ. ಬೆರಳು ನೇರ ಉತ್ತರದ ಮೇಲೆ ಹೋಗಿ ಕೂತರೆ ಇದು ಮೊದಲ ಮಟ್ಟ.

ಈ ಪ್ರಶ್ನೆಗಳನ್ನು ಹಗುರವಾಗಿ ನೋಡೋರು ಇದ್ದಾರೆ. ಆದರೆ ಯಾರ ಬುಟ್ಟಿ ಖಾಲಿ, ಯಾರದ್ದು ಅರ್ಧ ಅನ್ನೋದೇ ತಲೆಗೆ ಹೋಗದ ಮಗು ಮುಂದಿನ ಪ್ರಶ್ನೆಯಲ್ಲಿ ಖಂಡಿತ ಎಡವುತ್ತದೆ. ಹಾಗಾಗಿ ಮುಂದಿನ ಊಹೆಗೆ ಯಾವ ಸಂಗತಿ ಬೇಕೋ ಅದನ್ನೇ ಇಲ್ಲಿ ಕೇಳಿ. ಬುಟ್ಟಿಯ ಪ್ರಶ್ನೆ ಬೇಕು. ನೂರು ರೂಪಾಯಿಯದ್ದು ಬಿಟ್ಟರೂ ನಡೆಯುತ್ತದೆ, ಅದರಿಂದ ಮುಂದೆ ಏನೂ ಹುಟ್ಟೋದಿಲ್ಲ.

ಸುಳಿವು ಸಾಲಿನಲ್ಲಿ, ಉಳಿದದ್ದು ತಲೆಯಲ್ಲಿ

ಗಂಗಕ್ಕ ‘ಆಗಸ್ಟಿನಲ್ಲಿ ಬನ್ನಿ’ ಎಂದದ್ದು ಏಕೆ? ಈಗ ಬೆರಳಿಡಲು ಹೋದರೆ ಉತ್ತರ ಸಿಗೋದಿಲ್ಲ. ಆದರೆ ಸುಳಿವಿನ ಮೇಲೆ ಇಡಬಹುದು: ‘ಜುಲೈ’, ‘ಒಣ ಬಂಗಡೆ’, ‘ಆಗಸ್ಟಿನಲ್ಲಿ’. ಇದಕ್ಕೆ ಮಗುವಿನ ತಿಳಿವಳಿಕೆ ಕೂಡಬೇಕು. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವ ಹಾಗಿಲ್ಲ. ಎರಡನ್ನೂ ಜೋಡಿಸಿದರೆ ಉತ್ತರ. ಎರಡನೇ ಮಟ್ಟದ ಪ್ರಶ್ನೆಗೆ ಉತ್ತರ ಬರೆದುಕೊಳ್ಳುವಾಗ ನಾನು ಯಾವಾಗಲೂ ಹೀಗೇ ಎರಡು ತುಂಡು ಮಾಡಿ ಬರೆಯುತ್ತೇನೆ: ಸಾಲಿನಿಂದ ಬಂದದ್ದು ಇಷ್ಟು, ತಲೆಯಿಂದ ಬರಬೇಕಾದ್ದು ಇಷ್ಟು. ಮೊದಲ ತುಂಡು ಖಾಲಿ ಇದ್ದರೆ ಅದು ಸಾಮಾನ್ಯ ಜ್ಞಾನದ ಪ್ರಶ್ನೆ. ಎರಡನೆಯದು ಖಾಲಿ ಇದ್ದರೆ ಅದು ವೇಷ ಹಾಕಿಕೊಂಡ ಮೊದಲ ಮಟ್ಟದ ಪ್ರಶ್ನೆ.

ಜಾಸ್ತಿ ತಪ್ಪಾಗುವುದು ಈ ಎರಡನೇ ತುಂಡಿನಲ್ಲೇ. ಬೈತಖೋಲದ ಬಂದರು ನೋಡುತ್ತ ಬೆಳೆದ ಮಗುವಿಗೆ ಇದು ಚಿಟಿಕೆ ಹೊಡೆದಷ್ಟು ಸುಲಭ. ಅದೇ ತುಣುಕನ್ನು ಘಟ್ಟದ ಮೇಲೆ ಶಿರಸಿ ಕಡೆಯ ಮಕ್ಕಳಿಗೆ ಕೊಟ್ಟಾಗ, ಒಬ್ಬ ಹುಡುಗ ‘ಮಳೆ ಬಂದ್ರೆ ಮೀನೆಲ್ಲ ಕೊಚ್ಚಿ ಹೋಗ್ತದೆ’ ಎಂದು ಬರೆದಿದ್ದ. ಅವನಿಗೆ ಊಹಿಸಲು ಬರೋದಿಲ್ಲ ಅಂತ ಅಂಕ ಕಡಿದರೆ ಅನ್ಯಾಯ. ಸಾಲಿನ ಸುಳಿವು ಹಿಡಿದಿದ್ದಾನೆ, ಕಾರಣವನ್ನೂ ಕಟ್ಟಿದ್ದಾನೆ. ಇಲ್ಲದ್ದು ನಿಷೇಧದ ಮಾಹಿತಿ ಮಾತ್ರ. ಅದೇ ಹುಡುಗನಿಗೆ ಅಪ್ಪೆಮಿಡಿ ಕೊಯ್ಯುವ ಒಂದು ಸಾಲು ಕೊಡಿ: ‘ಬುಟ್ಟಿಗೆ ಹಗ್ಗ ಕಟ್ಟಿ ಮೆಲ್ಲಗೆ ಕೆಳಗಿಳಿಸಿದರು.’ ಯಾಕೆ ಅಂತ ಕೇಳುವ ಮೊದಲೇ, ಬಿದ್ದು ಪೆಟ್ಟಾದ ಮಿಡಿ ಉಪ್ಪಿನಕಾಯಿಗೆ ಆಗೋದಿಲ್ಲ ಅಂತಾನೆ. ಅಲ್ಲಿ ನಮ್ಮ ಕಾರವಾರದ ಮಕ್ಕಳು ಕಣ್ಣು ಕಣ್ಣು ಬಿಡುತ್ತಾರೆ. ಬೇಕಾದ ತಿಳಿವಳಿಕೆ ನಿಮ್ಮ ಮಕ್ಕಳಲ್ಲಿ ಇಲ್ಲ ಅನಿಸಿದರೆ ಗದ್ಯದ ಮೇಲೆ ಒಂದು ಸಾಲು ಮಾಹಿತಿ ಸೇರಿಸಿಬಿಡಿ. ಆದರೆ ‘ಅದಕ್ಕೇ ಗಂಗಕ್ಕ ಹಾಗೆ ಹೇಳಿದಳು’ ಅಂತ ಮಾತ್ರ ಬರೆಯಬೇಡಿ. ಬರೆದಿರೋ, ಪ್ರಶ್ನೆ ಮೊದಲ ಮಟ್ಟಕ್ಕೆ ಜಾರಿತು.

ಇನ್ನೊಂದು ಪ್ರಶ್ನೆ: ತಾಜಾ ಬಂಗಡೆ ಕೇಳಿದವರು ಈ ಊರಿನವರೇ? ಹೇಗೆ ಹೇಳುತ್ತೀರಿ? ‘ಅಲ್ಲ, ಊರಿನವರಾಗಿದ್ದರೆ ಜುಲೈಯಲ್ಲಿ ಹಾಗೆ ಕೇಳುತ್ತಿರಲಿಲ್ಲ, ಗಂಗಕ್ಕ ನಕ್ಕಿದ್ದೂ ಅದಕ್ಕೇ’ ಅನ್ನೋದು ನಾನು ಬರೆದಿಟ್ಟುಕೊಂಡ ಉತ್ತರ. ತರಗತಿಯಲ್ಲಿ ಒಬ್ಬಳು ಎದ್ದು ನಿಂತಳು. ‘ಅಕ್ಕೋರೆ, ನಾಡದೋಣಿಗೆ ಬಂದ್ ಇಲ್ಲ. ಮಳೆಗಾಲದಲ್ಲೂ ಒಂದೊಂದು ದಿನ ತಾಜಾ ಮೀನು ಸಿಕ್ತದೆ. ಊರಿನವರೂ ಕೇಳಬಹುದು.’ ಅವಳ ಮಾತು ನಿಜ. ಅವತ್ತು ನನ್ನ ಉತ್ತರವನ್ನು ತಿದ್ದಿಕೊಂಡೆ. ಎರಡನೇ ಮಟ್ಟದಲ್ಲಿ ಸರಿಯುತ್ತರ ಒಂದಕ್ಕಿಂತ ಹೆಚ್ಚು ಇರಬಹುದು. ಆದರೆ ಏನು ಹೇಳಿದರೂ ನಡೆಯುತ್ತದೆ ಅಂತಲ್ಲ. ‘ಅವರು ಹುಬ್ಬಳ್ಳಿಯವರು’ ಎಂದು ಬರೆದವನಿಗೆ ಬೆರಳಿಡಲು ಒಂದು ಸಾಲೂ ಸಿಗಲಿಲ್ಲ.

ತಕ್ಕಡಿ ಹಿಡಿಯುವ ಪ್ರಶ್ನೆ

ಮೂರನೇ ಮಟ್ಟದ ಪ್ರಶ್ನೆ ಬರೆಯುತ್ತೇವೆ ಅಂದುಕೊಂಡು ನಾವು ಬರೆಯುವುದು ಸಾಮಾನ್ಯವಾಗಿ ಎರಡು ಬಗೆ. ‘ಗಂಗಕ್ಕನ ಗುಣ ನಿಮಗೆ ಇಷ್ಟವಾಯಿತೇ?’ ಹೌದು ಅಂದರೆ ಮುಗಿಯಿತು. ‘ಪರೋಪಕಾರದ ಮಹತ್ವವನ್ನು ಬರೆಯಿರಿ.’ ಇದಕ್ಕೆ ಗಂಗಕ್ಕ ಬೇಕಾಗಿಯೇ ಇಲ್ಲ, ಗೈಡಿನ ಪ್ರಬಂಧ ಬಾಯಿಪಾಠ ಇದ್ದರೆ ಸಾಕು. ಗದ್ಯವನ್ನು ಕೈಯಿಂದ ಮುಚ್ಚಿ ಪ್ರಶ್ನೆ ಓದಿ ನೋಡಿ. ಆಗಲೂ ಉತ್ತರ ಬರೆಯಬಹುದು ಅನಿಸಿದರೆ ಆ ಪ್ರಶ್ನೆ ಹೊಡೆದುಹಾಕಿ.

ಹೀಗೆ ಕೇಳಬಹುದು: ‘ತನ್ನ ಬುಟ್ಟಿ ಖಾಲಿಯಾದ ಮೇಲೂ ಗಂಗಕ್ಕ ಅಲ್ಲೇ ಉಳಿದದ್ದು ಜಾಣತನವೇ? ಆ ದಿನದ ಹವೆ, ಹೊತ್ತು ಮತ್ತು ಪಕ್ಕದ ಹೆಂಗಸಿನ ಸ್ಥಿತಿ ಮೂರನ್ನೂ ನೋಡಿ ಹೇಳಿ.’ ಜಾಣತನ ಅನ್ನೋದು ಇಲ್ಲಿ ಅಳತೆಗೋಲು. ಅದೇ ಜಾಗಕ್ಕೆ ‘ಒಳ್ಳೆಯತನ’ ಹಾಕಿದರೆ ಎಲ್ಲರೂ ಹೌದು ಅಂತಾರೆ, ಚರ್ಚೆ ಏಳುವುದೇ ಇಲ್ಲ. ಇಬ್ಬರು ಮಕ್ಕಳು ಎದುರು ಬದುರು ನಿಂತು ಉತ್ತರಿಸಿದರೂ ಇಬ್ಬರಿಗೂ ಪೂರ್ತಿ ಅಂಕ ಸಿಗುವ ಹಾಗಿದ್ದರೆ ಪ್ರಶ್ನೆ ಸರಿಯಾಗಿದೆ ಎಂದು ಲೆಕ್ಕ.

ಅಂಕ ಹಾಕುವುದು ಹೇಗೆ? ಮೂರು ಅಂಕದ ಪ್ರಶ್ನೆ ಅಂದುಕೊಳ್ಳಿ. ಹೌದು ಅಥವಾ ಅಲ್ಲ ಎಂಬುದಕ್ಕೆ ಅಂಕವಿಲ್ಲ. ಕಾರಣಕ್ಕೆ ಒಂದು, ಗದ್ಯದ ಸಾಲನ್ನು ಎತ್ತಿ ತೋರಿಸಿದ್ದಕ್ಕೆ ಒಂದು, ಆ ಸಾಲನ್ನು ಅಳತೆಗೋಲಿಗೆ ಹಚ್ಚಿ ನೋಡಿದ್ದಕ್ಕೆ ಒಂದು. ಒಬ್ಬಳು ಬರೆದಿದ್ದಳು: ‘ಜಾಣತನ ಅಲ್ಲ. ಬೆಳಗಿನಿಂದ ಮಳೆ, ಕೊನೆಯ ಬಸ್ಸೂ ಹೋಯಿತು. ಮನೆಯಲ್ಲಿ ಮಕ್ಕಳು ಕಾಯುತ್ತಿರುತ್ತಾರೆ.’ ಮಳೆ, ಬಸ್ಸು ಗದ್ಯದಲ್ಲಿವೆ. ಮಕ್ಕಳು ಇಲ್ಲ, ಅವಳೇ ಸೇರಿಸಿದ್ದು. ಕಾರಣಕ್ಕೆ, ಸಾಲಿಗೆ ಅಂಕ ಕೊಟ್ಟೆ. ಮಳೆಯಲ್ಲಿ ಬಸ್ಸು ತಪ್ಪಿದರೆ ಅದು ಯಾಕೆ ಜಾಣತನ ಅಲ್ಲ ಅಂತ ಅವಳು ಹೇಳಿರಲಿಲ್ಲ, ಮೂರನೇ ಅಂಕ ಕೊಡಲಿಲ್ಲ. ಇನ್ನೊಬ್ಬ ಬರೆದ: ‘ಜಾಣತನ. ಇವತ್ತು ಪಕ್ಕದವಳ ಬುಟ್ಟಿಯಲ್ಲಿ ಅರ್ಧ ಉಳಿದಿದೆ, ನಾಳೆ ಇವಳ ಬುಟ್ಟಿಯಲ್ಲೂ ಉಳಿಯಬಹುದು. ಆಗ ಅವಳು ಕೂಗಿ ಕರೀತಾಳೆ.’ ಮೂರಕ್ಕೆ ಮೂರು. ಪೇಟೆಯಲ್ಲಿ ಕೂತು ನೋಡಿದ ಹುಡುಗ ಇರಬೇಕು.

ಬರೆದವರನ್ನೇ ತಕ್ಕಡಿಗೆ ಹಾಕುವ ಪ್ರಶ್ನೆಯೂ ಇದೇ ಮಟ್ಟದ್ದು. ‘ಪಕ್ಕದ ಹೆಂಗಸು ಈ ತುಣುಕಿನಲ್ಲಿ ಒಂದು ಮಾತೂ ಆಡುವುದಿಲ್ಲ. ಇದು ಬರಹದ ಕೊರತೆಯೇ?’ ಗದ್ಯ ನನ್ನದೇ ಆದ್ದರಿಂದ ಇದನ್ನು ಕೇಳುವಾಗ ಸ್ವಲ್ಪ ಹೆದರಿಕೆ ಇತ್ತು. ಮಕ್ಕಳು ದಾಕ್ಷಿಣ್ಯ ತೋರಿಸಲಿಲ್ಲ.

ಪತ್ರಿಕೆ ಕೊಡುವ ಮುಂಚೆ

ಒಂದು ಪ್ರಶ್ನೆ ಇನ್ನೊಂದರ ಗುಟ್ಟು ಬಿಟ್ಟುಕೊಡುತ್ತಿದೆಯೇ ಅಂತ ನೋಡಿಕೊಳ್ಳಿ. ಮೂರನೇ ಮಟ್ಟದ ಪ್ರಶ್ನೆಯನ್ನು ನಾನು ಮೊದಲು ‘ಗಂಗಕ್ಕ ಪಕ್ಕದವಳಿಗಾಗಿ ಬಸ್ಸು ತಪ್ಪಿಸಿಕೊಂಡದ್ದು ಜಾಣತನವೇ?’ ಎಂದು ಬರೆದಿದ್ದೆ. ಅದೇ ಪತ್ರಿಕೆಯಲ್ಲಿ ಮೇಲೆ ‘ಗಂಗಕ್ಕ ಬಸ್ಸು ಹತ್ತಿದಳೇ? ಹೇಗೆ ಊಹಿಸುತ್ತೀರಿ?’ ಅಂತಲೂ ಇತ್ತು. ಆ ಬಸ್ಸು ಗಂಗಕ್ಕನದ್ದೇ ಎಂದು ಗದ್ಯ ಎಲ್ಲೂ ಹೇಳುವುದಿಲ್ಲ, ಮಕ್ಕಳು ಊಹಿಸಬೇಕಿತ್ತು. ಕೆಳಗಿನ ಪ್ರಶ್ನೆ ಓದಿದವರಿಗೆ ಊಹಿಸುವ ಕೆಲಸವೇ ಉಳಿಯಲಿಲ್ಲ. ಈಗ ಹತ್ತು ಅಂಕದ ಗದ್ಯಭಾಗಕ್ಕೆ ಮೊದಲ ಮಟ್ಟದ ಒಂದು ಅಂಕದ ಮೂರು ಪ್ರಶ್ನೆ, ಎರಡನೇ ಮಟ್ಟದ ಎರಡು ಅಂಕದ ಎರಡು, ಮೂರನೇ ಮಟ್ಟದ ಮೂರು ಅಂಕದ ಒಂದು ಇಡುತ್ತೇನೆ. ಉತ್ತರದ ಹಾಳೆಯಲ್ಲಿ ಪ್ರತಿ ಪ್ರಶ್ನೆಯ ಮುಂದೆ ‘ಬೆರಳು ಎಲ್ಲಿ?’ ಎಂಬ ಒಂದು ಕಾಲಂ ಇರುತ್ತದೆ. ಅದನ್ನು ತುಂಬಲು ಹೋದಾಗಲೇ ಒಂದೆರಡು ಪ್ರಶ್ನೆ ಪ್ರತಿ ಸಲ ಬಿದ್ದು ಹೋಗುತ್ತವೆ.