ಮೊದಲು ಹೆಡ್ಡಿಂಗ್ ಅಳಿಸಿ, ಆಮೇಲೆ ಕಾಲಂ ಹುಡುಕಿ

ಹಳೇ ಪೇಪರ್ ಪುಟಗಳನ್ನು ಒಂದೊಂದೇ ಸುದ್ದಿಯಾಗಿ ಬಿಡಿಸುತ್ತೇನೆ ಅಂದಾಗ, ಚಾಮರಾಜಪೇಟೆಯಲ್ಲಿ ಡಿಟಿಪಿ ಮಾಡುವ ಗೆಳೆಯ ನಕ್ಕುಬಿಟ್ಟ. ‘ಇಂಗ್ಲಿಷ್ ಪೇಪರ್‌ಗೇ ಪರದಾಡ್ತಾರೆ ಗುರೂ, ಕನ್ನಡದ ಒತ್ತಕ್ಷರಕ್ಕೆ ಎಲ್ಲಾಗತ್ತೆ? ಟೈಪ್ ಮಾಡಿಸು’ ಅಂದ. ಟೈಪಿಂಗ್‌ಗೆ ಪುಟಕ್ಕೆ 250 ರೂಪಾಯಿ ಕೇಳಿದರು. ನನ್ನ ಹತ್ತಿರ ಇದ್ದದ್ದು 1,100 ಚಿಲ್ಲರೆ ಪುಟ, ಬಸವನಗುಡಿಯ ಹಿರಿಯರೊಬ್ಬರು ಮಡಿಚಿ ಜೋಡಿಸಿಟ್ಟಿದ್ದು. ಲೆಕ್ಕ ಹಾಕಿ ಸುಮ್ಮನಾದೆ.

ಇಡೀ ಪುಟದ ಸ್ಕ್ಯಾನನ್ನು ಚಿತ್ರದಿಂದ ಅಕ್ಷರ ಓದುವ ಪ್ರೋಗ್ರಾಂ ಟೆಸರಾಕ್ಟ್‌ಗೆ ಕೊಟ್ಟರೆ ಏನಾಗುತ್ತದೆ ಅಂತ ನಿಮಗೆ ಗೊತ್ತೇ ಇದೆ. ಪಕ್ಕದ ಕಾಲಂನ ಸಾಲು ಬಂದು ಅಂಟಿಕೊಳ್ಳುತ್ತದೆ. ಅದಕ್ಕೇ ಕಾಲಂ ನಡುವಿನ ಬಿಳಿ ಪಟ್ಟಿ ಹುಡುಕಿ ಕತ್ತರಿಸಲು ಹೊರಟೆ. ಎರಡು ತಿಂಗಳು ಅದರಲ್ಲೇ ಹೋಯಿತು. ಮೂರು ಕಾಲಂ ಅಗಲದ ಹೆಡ್ಡಿಂಗ್ ಒಂದು ಅಡ್ಡ ಬಂದರೆ ಸಾಕು, ಬಿಳಿ ಪಟ್ಟಿ ಅಲ್ಲೇ ಮುಚ್ಚಿಹೋಗುತ್ತದೆ.

ಕೊನೆಗೆ ಕೆಲಸ ಉಲ್ಟಾ ಮಾಡಿದೆ. ಮೊದಲು ಹೆಡ್ಡಿಂಗ್‌ಗಳನ್ನು ಹುಡುಕಿ, ಅವುಗಳ ಜಾಗ ಬರೆದಿಟ್ಟುಕೊಂಡು, ಆ ಜಾಗಕ್ಕೆ ಬಿಳಿ ಬಳಿದೆ. ಎಂಟೂ ಕಾಲಂ ತಾವಾಗೇ ಬಿಟ್ಟುಕೊಂಡವು.

ಹೆಡ್ಡಿಂಗ್ ಗುರುತಿಸುವುದರಲ್ಲಿ ಒತ್ತಕ್ಷರ ನಿಜವಾಗಿಯೂ ಕಾಟ ಕೊಟ್ಟಿತು. ಸಾಮಾನ್ಯ ಅಕ್ಷರದ ಎರಡು ಪಟ್ಟು ಎತ್ತರ ಇದ್ದರೆ ಹೆಡ್ಡಿಂಗ್ ಅಂತ ಇಟ್ಟಿದ್ದೆ. ಹಳೇ ಅಚ್ಚಿನಲ್ಲಿ ‘ಸ್ತ್ರೀ’ಯ ಒತ್ತು ಇಳಿದು ಕೆಳಗಿನ ಸಾಲಿನ ಗುಣಿಸಿಗೆ ತಾಗಿದರೆ ಎರಡು ಸಾಲೂ ಸೇರಿ ಒಂದೇ ಅಕ್ಷರದ ಹಾಗೆ ಕಾಣುತ್ತದೆ. ಸುದ್ದಿಯ ಮಧ್ಯದಲ್ಲೆಲ್ಲ ಸುಳ್ಳು ಹೆಡ್ಡಿಂಗ್! ಒಂದೇ ಮಟ್ಟದಲ್ಲಿ ಅಕ್ಕಪಕ್ಕ ಕನಿಷ್ಠ ಮೂರು ದೊಡ್ಡ ಅಕ್ಷರ ಇರಲೇಬೇಕು ಅಂತ ಮಾಡಿದ ಮೇಲೆ ಆ ಕಾಟ ಹೆಚ್ಚುಕಡಿಮೆ ನಿಂತಿತು.

ದುಡ್ಡು ಕಳಕೊಂಡದ್ದು ಮಾತ್ರ ಬೇರೆ ಕಡೆ. ಪುಟದ ಮಡಿಕೆ ಸ್ಕ್ಯಾನ್‌ನಲ್ಲಿ ಕಪ್ಪು ಗೆರೆಯಾಗಿ ಬರುತ್ತಿತ್ತು. ಸುದ್ದಿ ಸುದ್ದಿ ನಡುವಿನ ಅಡ್ಡ ಗೆರೆ ಅಂತ ತಿಳಿದು ನನ್ನ ಪ್ರೋಗ್ರಾಂ ಪ್ರತಿ ಸುದ್ದಿಯನ್ನೂ ಅಲ್ಲೇ ಕಡಿಯುತ್ತಿತ್ತು. ನಾನು ಸ್ಕ್ಯಾನಿಂಗೇ ಸರಿಯಿಲ್ಲ ಅಂದುಕೊಂಡು 300 ಪುಟ ಮತ್ತೆ ಸ್ಕ್ಯಾನ್ ಮಾಡಿಸಿದೆ. 14 ಸಾವಿರ ದಂಡ. ಆಮೇಲೆ ನೋಡಿದರೆ ಉತ್ತರ ಕಣ್ಣೆದುರಿಗೇ ಇತ್ತು. ಅಚ್ಚಿನ ಗೆರೆ ಒಂದೆರಡು ಕಾಲಂಗೆ ನಿಲ್ಲುತ್ತದೆ, ಮಡಿಕೆ ಅಕ್ಷರಗಳ ಮೇಲೂ ಹಾದು ಅಂಚಿನಿಂದ ಅಂಚಿಗೆ ಹೋಗುತ್ತದೆ.

ಇನ್ನು ಓದುವ ಕ್ರಮ. ಪ್ರತಿ ತುಂಡೂ ನೇರ ಮೇಲಕ್ಕೆ ಹೋಗಿ, ಗೆರೆ ದಾಟದೆ ಮೊದಲು ಸಿಗುವ ಹೆಡ್ಡಿಂಗ್‌ಗೆ ಸೇರಬೇಕು. ಆಮೇಲೆ ಎಡದ ಕಾಲಂ ಮುಗಿಸಿ ಬಲಕ್ಕೆ. ಒಂದು ಪುಟದಲ್ಲಿ 2ರಿಂದ 4ನೇ ಕಾಲಂವರೆಗೆ ನೀರಿನ ಅಭಾವದ ಹೆಡ್ಡಿಂಗ್ ಇತ್ತು. ಸುದ್ದಿ 5ನೇ ಕಾಲಂಗೂ ಹರಿದಿತ್ತು, ಆದರೆ ಅದರ ನೆತ್ತಿಯ ಮೇಲೆ ಹೆಡ್ಡಿಂಗೇ ಇಲ್ಲ. ಇದ್ದದ್ದು ಒಂದು ಗೆರೆ, ಅದರ ಮೇಲೆ ಸೀರೆ ಅಂಗಡಿ ಜಾಹೀರಾತು. ಇಂಥ ಅನಾಥ ಕಾಲಂಗೆ ನಾನು ಅಕ್ಷರ ಓದುವುದೇ ಇಲ್ಲ. 4ನೇ ಕಾಲಂನ ಕೊನೇ ಸಾಲು ಬಲ ಅಂಚಿನ ತನಕ ತುಂಬಿದೆಯಾ, 5ನೆಯದರ ಮೊದಲ ಸಾಲು ಒಳಸರಿಯದೆ ಶುರುವಾಗಿದೆಯಾ ಅಂತ ನೋಡುತ್ತೇನೆ. ಎರಡೂ ಹೌದಾದರೆ ಅದು ಮುಂದುವರಿಕೆ. ಪ್ಯಾರಾ ಸರಿಯಾಗಿ ಕಾಲಂ ತುದಿಗೇ ಮುಗಿದಿದ್ದರೆ ಈ ಲೆಕ್ಕ ಕೈಕೊಡುತ್ತದೆ, ಅಂಥದ್ದನ್ನು ಕೈಯಲ್ಲೇ ಸೇರಿಸುತ್ತೇನೆ.

ಹೆಡ್ಡಿಂಗ್ ಓದಿಸುವಾಗ ಒಂದು ಮಾತು. 300 ಡಿಪಿಐನಲ್ಲಿ ಅದರ ಅಕ್ಷರ 150 ಪಿಕ್ಸೆಲ್ ದಾಟುತ್ತದೆ, ಟೆಸರಾಕ್ಟ್ ತಡಬಡಿಸುತ್ತದೆ. ಚಿಕ್ಕದು ಮಾಡಿ ಕೊಡಿ.

```
magick h12.png -resize 25% h12s.png
tesseract h12s.png h12 -l kan --psm 6
```

ಹೆಡ್ಡಿಂಗ್ ಮೇಲಿರುವ ಸಣ್ಣ ಸಾಲು ಮೇಲಿನ ಸುದ್ದಿಯ ಬಾಲಕ್ಕೆ ಹೋಗಿ ಸೇರುವುದು ಇನ್ನೊಂದು ರಗಳೆ. ಹೆಡ್ಡಿಂಗ್‌ಗೆ ಒಂದು ಸಾಲಿನಷ್ಟು ಹತ್ತಿರ ಇದ್ದು, ಅದರ ನಡುವಿಗೆ ಸರಿಯಾಗಿ ಕೂತಿದ್ದರೆ ಕೆಳಕ್ಕೆ ಎಳೆದುಕೊಳ್ಳುತ್ತೇನೆ. ಜಾಹೀರಾತು ಬೇರ್ಪಡಿಸಲು ನನ್ನದೇ ಒಂದು ಉಪಾಯ ಇದೆ. ಅದನ್ನು ಇಲ್ಲಿ ಹೇಳಲ್ಲ, ಹೊಟ್ಟೆಪಾಡು ಅಲ್ವಾ!

ನಡುವೆ ಸ್ಕ್ಯಾನರ್ ಬಿಟ್ಟು ಫೋನಲ್ಲೇ ಫೋಟೋ ತೆಗೆದು ನೋಡಿದೆ. ಪುಟದ ಅಂಚು ಬಾಗಿ ಎಂಟನೇ ಕಾಲಂ ಬಾಳೆಕಾಯಿ ಥರ ಬಂತು. ಅಲ್ಲಿಗೇ ಬಿಟ್ಟೆ.

ಸುದ್ದಿ ಸರಿಯಾಗಿ ಬಿಡಿಸಿಕೊಂಡಿದೆಯಾ ಅಂತ ತಿಳಿಯಲು ಊರು-ತಾರೀಕಿನ ಸಾಲು ಎಣಿಸುತ್ತೇನೆ. ‘ಬೆಂಗಳೂರು, ಜ. 14–’ ಅನ್ನುವಂಥದ್ದು. ಒಂದೇ ತುಂಡಿನಲ್ಲಿ ಎರಡು ಸಿಕ್ಕರೆ ಎರಡು ಸುದ್ದಿ ಅಂಟಿವೆ ಅಂತ ಅರ್ಥ. 40 ಪುಟ ಕೂತು ನೋಡಿದಾಗ 420 ಸುದ್ದಿಯಲ್ಲಿ ಸುಮಾರು 380 ಸರಿ ಇದ್ದವು. ಖರ್ಚು ಪುಟಕ್ಕೆ, ದಂಡ ಸೇರಿಸಿ, 40 ರೂಪಾಯಿಯ ಆಸುಪಾಸು. ನಕ್ಕ ಗೆಳೆಯ ಹೋದ ವಾರ ತನ್ನದೇ 60 ಪುಟ ತಂದುಕೊಟ್ಟಿದ್ದಾನೆ. ಅವನಿಗೆ ಪುಟಕ್ಕೆ 60 ಅಂದಿದ್ದೇನೆ.